ಸರಣಿ ಸೋಲುತ್ತಿದೆಯಾ? ಮೂರು ಲೆಕ್ಕ, ನಾನು ಉಳಿಸಿಕೊಂಡದ್ದು ಒಂದು

ನಾನೇ ಕೈಯಾರೆ ಅಂಕಿ ತುಂಬುವ ಶೀಟೇ ಗೆದ್ದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೀದರ್‌ನ ನೌಬಾದ್ ಸುರಂಗ ಬಾವಿಯಿಂದ ಶುರು ಮಾಡಿ ನಮ್ಮ ಕಡೆಯ ಹಳೇ ನೀರಿನ ವ್ಯವಸ್ಥೆಗಳ ಮೇಲೆ ಯೂಟ್ಯೂಬ್‌ನಲ್ಲಿ ಎಂಟು ಕಂತಿನ ಸರಣಿ ಮಾಡುತ್ತಿದ್ದೇನೆ. ಐದನೇ ಕಂತಿಗೇ ಅದನ್ನು ನಿಲ್ಲಿಸುವವನಿದ್ದೆ, ತಪ್ಪು ಲೆಕ್ಕ ನಂಬಿ.

ಆಗ ನೋಡುತ್ತಿದ್ದದ್ದು ಯೂಟ್ಯೂಬ್ ಸ್ಟುಡಿಯೋದ ದಿನವಾರು ಪಟ್ಟಿ. ಪ್ರತಿ ಕಂತಿನ ಮೊದಲ ದಿನದ ವ್ಯೂಸ್ ತೆಗೆದು ಹೋಲಿಸುತ್ತಿದ್ದೆ. ನಾಲ್ಕು ಕಂತೂ ಭಾನುವಾರ ಸಂಜೆ 7ಕ್ಕೆ ಬಿಟ್ಟಿದ್ದೆ, ಐದನೆಯದನ್ನು ಮಾತ್ರ ಬೆಳಗ್ಗೆ 11ಕ್ಕೆ. ಅದರ ಮೊದಲ ದಿನದ ಅಂಕಿ ಪಾತಾಳಕ್ಕೆ ಬಿದ್ದಿತ್ತು. "ಸಾಕು ಬಿಡಣ್ಣ, ಯಾರೂ ನೋಡವಲ್ರು" ಅಂದ ಕ್ಯಾಮೆರಾ ಹಿಡಿಯುವ ತಮ್ಮ. ಯಾರೂ ನೋಡಿರಲಿಲ್ಲ ಅಂತಲ್ಲ. ಯೂಟ್ಯೂಬ್ ಅನಲಿಟಿಕ್ಸ್‌ನ ದಿನ ಶುರುವಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಗೆ. ನಮಗೆ ಅದು ಮಧ್ಯಾಹ್ನ 12.30, ಅಲ್ಲಿ ಚಳಿಗಾಲದ ಸಮಯ ಬಂದಾಗ 1.30. ಅಂದರೆ ಸಂಜೆ 7ರ ಕಂತಿಗೆ ಮೊದಲ "ದಿನ" ಹದಿನೇಳೂವರೆ ಗಂಟೆ ಸಿಕ್ಕಿತ್ತು, ಐದನೆಯದಕ್ಕೆ ಬರೀ ಒಂದೂವರೆ ಗಂಟೆ! ನಿಮ್ಮಲ್ಲೂ ಒಂದು ಕಂತು ಇದ್ದಕ್ಕಿದ್ದಂತೆ ಕುಸಿದರೆ ಮೊದಲು ಅದನ್ನು ಎಷ್ಟು ಗಂಟೆಗೆ ಬಿಟ್ಟಿರಿ ಅಂತ ನೋಡಿ. ಮರುದಿನದ ಅಂಕಿ ಮೊದಲ ದಿನಕ್ಕಿಂತ ತುಂಬಾ ಜಾಸ್ತಿ ಇದ್ದರೆ ತಪ್ಪು ಗಡಿಯಾರದ್ದು.

ಹೊಸ ವಿಡಿಯೋಗೆ ಸ್ಟುಡಿಯೋ ಕೊಡುವ, ಇತ್ತೀಚಿನ ಹತ್ತು ವಿಡಿಯೋಗಳಲ್ಲಿ ಇಷ್ಟನೆಯದು ಎಂಬ ರ‍್ಯಾಂಕ್ ಬಿಟ್ಟ ಮೇಲೆ ಅಷ್ಟೇ ಹೊತ್ತು ಕಳೆದಾಗಿನ ವ್ಯೂಸನ್ನೇ ಹೋಲಿಸುತ್ತದೆ, ಆದರೆ ಸರಣಿಗೆ ಸಂಬಂಧವಿಲ್ಲದ ನನ್ನ ಜಾತ್ರೆ ವಿಡಿಯೋಗಳೂ ಆ ಹತ್ತರಲ್ಲಿ ಸೇರುತ್ತವೆ. ಅದನ್ನೂ ಕೈಬಿಟ್ಟೆ.

ಈಗ ಪ್ರತಿ ಕಂತು ಬಿಟ್ಟ ಏಳನೇ ದಿನ, ಅದೇ ಗಂಟೆಗೆ, ಒಟ್ಟು ವ್ಯೂಸ್ ನೋಡಿ ಶೀಟ್‌ನಲ್ಲಿ ಬರೆಯುತ್ತೇನೆ. ಪಕ್ಕದ ಕಾಲಮ್‌ನಲ್ಲಿ ಹಿಂದಿನ ಕಂತಿನಿಂದ ಭಾಗಾಕಾರ:

```
=B5/B4
```

ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ, ಖರ್ಚಿಲ್ಲ. ಏಳನೇ ದಿನ ಊರಲ್ಲಿ ಇರದೆ ಮರೆತರೆ ಮಾತ್ರ ಆ ಅಂಕಿ ಹೋಯಿತು.

ಮೊದಲನೆಯದರಿಂದ ಎರಡನೆಯದಕ್ಕೆ ಅರ್ಧದಷ್ಟು ಇಳಿದಿತ್ತು. ಅದನ್ನು ತೀರ್ಮಾನಕ್ಕೆ ತರುವುದಿಲ್ಲ, ಮೊದಲ ಕಂತಿಗೆ ದಾರಿಹೋಕರೂ ಬಂದಿರುತ್ತಾರೆ, ಅಲ್ವಾ? ಎರಡರಿಂದ ಮುಂದೆ 2,200, 1,760, 1,500. ಐದನೆಯದು ಏಳು ದಿನ ತುಂಬಿದಾಗ 1,330, ಅಂದರೆ ನಾಲ್ಕನೆಯದರ ಶೇ. 89. ಇಳಿತ ನಿಧಾನವಾಗುತ್ತಿತ್ತು, ಹಾಗಾಗಿ ಮುಂದುವರಿಸಿದೆ.

ಆರನೆಯದು ಮಾತ್ರ 1,060ಕ್ಕೆ ಬಂತು, ಶೇ. 80. ಈ ಸಲ ಬಿಟ್ಟದ್ದು ಸಂಜೆ 7ಕ್ಕೇ. ಬಂದವರು ವಿಡಿಯೋದ ಎಷ್ಟು ಭಾಗ ನೋಡಿದ್ದಾರೆ ಅಂತ ತೆಗೆದೆ. ಸರಾಸರಿ ಶೇ. 48, ಹಿಂದಿನ ಕಂತುಗಳಷ್ಟೇ. ಅದೂ ಇಳಿದಿದ್ದರೆ ಅಲ್ಲೇ ಮುಗಿಸುತ್ತಿದ್ದೆ. ನೋಡುವವರಿಗೆ ವಿಷಯ ಬೇಕಾಗಿದೆ, ವಾರ ವಾರ ಬರಲು ಆಗುತ್ತಿಲ್ಲ ಅನಿಸಿತು. ಅದಕ್ಕೇ ಏಳು ಮತ್ತು ಎಂಟನ್ನು ಸೇರಿಸಿ ಒಂದೇ 22 ನಿಮಿಷದ ಕಂತು ಮಾಡುತ್ತಿದ್ದೇವೆ. ತಮ್ಮ ಈಗ ಎಡಿಟಿಂಗ್‌ಗೆ ಕೂತಿದ್ದಾನೆ, ಭಾನುವಾರ ಸಂಜೆ 7ಕ್ಕೇ ಬಿಡುತ್ತೇವೆ.