ನಾಲ್ಕೈದು ಕೀ ಒಟ್ಟಿಗೆ ಸತ್ತಿವೆಯಾ? ಕೀಬೋರ್ಡ್ ಬದಲಿಸುವ ಮುಂಚೆ ರಿಬ್ಬನ್ ಬಿಚ್ಚಿ ಹಾಕಿಸಿ

ಹೋಗಿರದ ಕೀಬೋರ್ಡ್ ಬದಲಿಸೋಕೆ ನಾನು 3,200 ರೂಪಾಯಿ ಕೊಟ್ಟೆ. ಅಂಗಡಿಯ ಹೆಸರು ಹಾಕಲ್ಲ. ಆದರೆ ಅಲ್ಲಿ ನಡೆದದ್ದನ್ನು ಬರೀತೀನಿ, ಯಾಕಂದ್ರೆ ಇದೇ ಮಾತು ನಿಮಗೂ ಕೇಳಿಬರಬಹುದು.

ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಮತ್ತು ಇನ್ನೊಂದು ರ‍್ಯಾಮ್ ಹಾಕಿಸಿದ್ದೆ. ನನ್ನ ಮಾಡೆಲ್‌ನಲ್ಲಿ ರ‍್ಯಾಮ್ ಕೂರುವ ಜಾಗ ಮದರ್‌ಬೋರ್ಡ್‌ನ ಒಳಮೈಯಲ್ಲಿದೆ. ಅದನ್ನು ಮುಟ್ಟಬೇಕಾದರೆ ಬೋರ್ಡ್ ಎತ್ತಬೇಕು, ಬೋರ್ಡ್ ಎತ್ತಬೇಕಾದರೆ ಕೀಬೋರ್ಡಿನ ರಿಬ್ಬನ್ ಕೇಬಲ್ ಬಿಚ್ಚಲೇಬೇಕು. ಮನೆಗೆ ತಂದ ಮೇಲೆ ಸ್ವಲ್ಪ ದಿನ ಎಲ್ಲಾ ಸರಿ ಇತ್ತು. ಆಮೇಲೆ ಒಂದು ಬೆಳಿಗ್ಗೆ ಐದು ಕೀ ಒಟ್ಟಿಗೆ ನಿಂತವು: G, H, Backspace, F6, ಮತ್ತೆ Enter ಪಕ್ಕದ ' ಕೀ. ನುಡಿ ಕೀಲಿಮಣೆಯಲ್ಲಿ ಟೈಪ್ ಮಾಡುವವರಿಗೆ ಗೊತ್ತು, g ಅಂದರೆ ಗ, h ಅಂದರೆ ಹ. ‘ಹೀಗೆ’, ‘ಹಾಗೆ’ ಅಂತ ಬರೆಯೋಕೂ ಆಗಲ್ಲ, ತಪ್ಪಾದದ್ದನ್ನು ಅಳಿಸೋಕೂ ಆಗಲ್ಲ.

ಅದೇ ಅಂಗಡಿಗೆ ಹೋದೆ. ಹುಡುಗ ಹಿಂದಿನ ಕವರ್ ಬಿಚ್ಚಿ, ಕೀಬೋರ್ಡಿನ ರಿಬ್ಬನ್ ಹೊರಗೆಳೆದು, ಮಲ್ಟಿಮೀಟರನ್ನು ಬಜರ್‌ಗೆ ತಿರುಗಿಸಿ ತುದಿಯ ಮೇಲೆ ಕಡ್ಡಿ ಇಟ್ಟ. ನನ್ನ ಕೈಲಿ G ಒತ್ತಿಸಿದ. "ನೋಡಿ ಸರ್, ಬೀಪ್ ಬರ್ತಿಲ್ಲ. ಒಳಗಿನ ಮೆಂಬ್ರೇನ್ ಹೋಗಿದೆ. ಕೀಬೋರ್ಡ್ ಚೇಂಜ್ ಮಾಡ್ಲೇಬೇಕು." ಮೀಟರ್ ಹಿಡಿದು ಹೇಳಿದರೆ ಯಾರಾದರೂ ನಂಬುತ್ತಾರೆ, ಅಲ್ವಾ? ಹೊಸದು ಹಾಕಿಸಿದೆ. ಹಳೆಯದನ್ನು ಮಾತ್ರ ಕೇಳಿ ಇಸ್ಕೊಂಡು ಬಂದೆ.

ಕೆಲವು ವಾರ ಕಳೆದವು. ಹೊಸ ಕೀಬೋರ್ಡಿನಲ್ಲೂ ಅದೇ ಐದು ಕೀ ನಿಂತವು. G, H, Backspace, F6, '. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಎರಡು ಬೇರೆ ಬೇರೆ ಕೀಬೋರ್ಡಿನ ಮೆಂಬ್ರೇನ್ ಸರಿಯಾಗಿ ಅದೇ ಐದು ಕೀ ಜಾಗದಲ್ಲಿ ಕೆಡುವುದು ಸಾಧ್ಯವೇ?

ಈ ಐದು ಕೀಗಳಿಗೆ ಏನು ಸಂಬಂಧ ಅನ್ನೋದು ಗೊತ್ತಾದರೆ ಉಳಿದದ್ದು ಸಲೀಸು. ಲ್ಯಾಪ್‌ಟಾಪ್ ಕೀಬೋರ್ಡಿನಲ್ಲಿ ಪ್ರತಿ ಕೀಗೂ ಒಂದೊಂದು ವೈರ್ ಇರಲ್ಲ. ಅಡ್ಡಸಾಲು, ಉದ್ದಸಾಲು ಅಂತ ಲೈನ್‌ಗಳಿರುತ್ತವೆ. 8 ಅಡ್ಡ, 16 ಉದ್ದ ಇದ್ದರೆ ಬರೀ 24 ಲೈನ್‌ನಲ್ಲಿ 128 ಕೀವರೆಗೆ ಗುರುತಿಸಬಹುದು. ಪ್ರತಿ ಕೀ ಒಂದು ಅಡ್ಡ ಮತ್ತು ಒಂದು ಉದ್ದ ಲೈನ್ ಸೇರುವ ಜಾಗದಲ್ಲಿ ಕೂತಿರುತ್ತದೆ. ಬೀದಿಯ ಒಂದು ಫೇಸ್ ಹೋದರೆ ಕೆಲವು ಮನೆಗೆ ಮಾತ್ರ ಕರೆಂಟ್ ಇರಲ್ಲವಲ್ಲ, ಹಾಗೇ ಒಂದು ಲೈನ್ ಕಡಿದರೆ ಆ ಲೈನಿನ ಕೀಗಳಷ್ಟೇ ಸಾಯುತ್ತವೆ. ಈ ಲೈನ್‌ಗಳು ಒಳಗೆ ಸುತ್ತಿ ಬಳಸಿ ಹೋಗುವುದರಿಂದ ಒಂದೇ ಲೈನಿನ ಕೀಗಳು ಮೇಲೆ ನೋಡಿದರೆ ಅಲ್ಲೊಂದು ಇಲ್ಲೊಂದು ಇರಬಹುದು. ಯಾವ ಕೀ ಯಾವ ಲೈನಿನಲ್ಲಿದೆ ಅನ್ನೋದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ.

ಈ ಲೈನ್‌ಗಳಿರುವುದು ಮೆಂಬ್ರೇನ್ ಒಳಗೆ. ಮೂರು ತೆಳು ಪ್ಲಾಸ್ಟಿಕ್ ಹಾಳೆ, ಮೇಲಿನದಕ್ಕೂ ಕೆಳಗಿನದಕ್ಕೂ ಬೆಳ್ಳಿಯ ಇಂಕಿನಲ್ಲಿ ಗೆರೆ ಎಳೆದಿರುತ್ತಾರೆ, ನಡುವಿನದಕ್ಕೆ ತೂತು. ಕೀ ಒತ್ತಿದಾಗ ತೂತಿನ ಮೂಲಕ ಎರಡೂ ತಾಗುತ್ತವೆ. ಇದೇ ಹಾಳೆ ಬಾಲದ ಥರ ಹೊರಗೆ ಬಂದರೆ ಅದೇ ರಿಬ್ಬನ್. ಹಾಗಾಗಿ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ "ಕೇಬಲ್ ಮಾತ್ರ ಬದಲಿಸ್ತೀವಿ" ಅನ್ನೋಕೆ ಬರಲ್ಲ. ಬಾಲ ಹರಿದಿದ್ದರೆ ಕೀಬೋರ್ಡೇ ಹೋದಂತೆ. ಬಾಲ ಸಡಿಲವಾಗಿದ್ದರೆ ಮಾತ್ರ ಒಂದು ಪೈಸೆ ಖರ್ಚಿಲ್ಲದೆ ಸರಿಹೋಗಬಹುದು.

ಎರಡನೇ ಸಲ ನಾನು ತೋರಿಸಿದ್ದು ಪರಿಚಯದವರೊಬ್ಬರಿಗೆ, ಮದರ್‌ಬೋರ್ಡ್ ರಿಪೇರಿಯನ್ನೇ ಮಾಡುವವರು. ಅವರು ಮೊದಲು ಬಿಚ್ಚಲೇ ಇಲ್ಲ. ವಿಂಡೋಸ್‌ನ ಸ್ಕ್ರೀನ್ ಮೇಲಿನ ಕೀಬೋರ್ಡ್ ತೆರೆದರು. Win ಕೀ ಜೊತೆ R ಒತ್ತಿ `osk` ಅಂತ ಹಾಕಿದರೆ ಅದು ಬರುತ್ತದೆ, ನೀವು ಒತ್ತುವ ನಿಜವಾದ ಕೀ ಅದರಲ್ಲಿ ಮಿನುಗುತ್ತದೆ. ಲಿನಕ್ಸ್ ಇದ್ದರೆ ಹೀಗೆ ನೋಡಬಹುದು:

```
sudo libinput debug-events --show-keycodes
```

ಒಂದೊಂದೇ ಕೀ ಒತ್ತಿಸಿ, ಮಿನುಗದ್ದನ್ನು ಚೀಟಿಯಲ್ಲಿ ಬರೆದುಕೊಂಡರು. ಯುಎಸ್‌ಬಿ ಕೀಬೋರ್ಡ್ ಹಾಕಿ G, H ಬರುತ್ತವೆ ಅಂತ ಖಾತ್ರಿ ಮಾಡಿಕೊಂಡರು. ಅಲ್ಲಿಗೆ ಸಾಫ್ಟ್‌ವೇರ್ ಮಾತು ಮುಗಿಯಿತು. ಆಮೇಲೆ ಒಳಗೆ ರಿಬ್ಬನ್ ಕೂರುವ ಕಡೆ, ಟಚ್‌ಪ್ಯಾಡ್ ಮೇಲ್ಭಾಗವನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ಇನ್ನೊಂದು ಕೈಲಿ G ಒತ್ತಿದರು. ಸ್ಕ್ರೀನಿನಲ್ಲಿ G ಒಮ್ಮೆ ಮಿನುಗಿತು. ಕೈ ತೆಗೆದರು, ಮತ್ತೆ ಸುಮ್ಮನಾಯಿತು.

"ಕೆಟ್ಟ ಮೆಂಬ್ರೇನ್ ಹೀಗೆ ಬಂದು ಹೋಗಿ ಆಟ ಆಡೋದು ಕಮ್ಮಿ. ಇದು ಕಾಂಟ್ಯಾಕ್ಟ್" ಅಂದರು.

ಬಿಚ್ಚಿದಾಗ ಕಂಡದ್ದು ಇಷ್ಟು. ರಿಬ್ಬನ್ ಕೂರುವ ಕನೆಕ್ಟರಿಗೆ ಒಂದು ಪುಟ್ಟ ಲಾಕ್ ಇರುತ್ತದೆ. ಕೆಲವದರಲ್ಲಿ ಉಗುರಿನಿಂದ ಮೇಲಕ್ಕೆ ಎತ್ತಬೇಕು, ಕೆಲವದರಲ್ಲಿ ಎರಡೂ ಕಿವಿ ಹಿಡಿದು ಹೊರಕ್ಕೆ ಸರಿಸಬೇಕು. ನನ್ನದು ಸರಿಸುವ ಥರದ್ದು. ಅದರ ಎಡಗಿವಿ ಮುರಿದು ಹೋಗಿತ್ತು. ಯಾರೋ ಅದನ್ನು ಮೇಲಕ್ಕೆ ಎತ್ತೋಕೆ ನೋಡಿದ್ದಾರೆ. ಮುರಿದದ್ದನ್ನು ಮುಚ್ಚೋಕೆ ಮೇಲೊಂದು ಹಳದಿ ಟೇಪ್ ಅಂಟಿಸಿದ್ದರು. ರಿಬ್ಬನ್ ಬಲಗಡೆ ಪೂರ್ತಿ ಒಳಗೆ, ಎಡಗಡೆ ಸ್ವಲ್ಪ ಹೊರಗೆ. ತುದಿಯಲ್ಲಿರುವ ಬಿಳಿ ಗೆರೆ ಕನೆಕ್ಟರಿನ ಬಾಯಿಗೆ ಸಮವಾಗಿರಬೇಕಿತ್ತು, ಓರೆಯಾಗಿ ಕಾಣ್ತಿತ್ತು. ಓರೆಯಾದ ರಿಬ್ಬನ್‌ನಲ್ಲಿ ಮೊದಲು ಕೈಕೊಡುವುದು ಅಂಚಿನ ಪಿನ್. ನನ್ನ ಐದು ಕೀ ಸೇರುವ ಲೈನ್ ಎಡ ಅಂಚಿನದ್ದೇ.

ಹಳೇ ಕೀಬೋರ್ಡ್ ಚೀಲದಲ್ಲೇ ಇತ್ತು. ಅದರ ರಿಬ್ಬನ್ ಹಾಕಿ, ನೇರವಾಗಿ ಕೂರಿಸಿ, ಬೆರಳಲ್ಲಿ ಅದುಮಿ ಹಿಡಿದು ಲ್ಯಾಪ್‌ಟಾಪ್ ಆನ್ ಮಾಡಿದರು. ಎಲ್ಲಾ ಕೀ ಬಂದವು.

"ಹಾಗಾದರೆ ಬೀಪ್ ಯಾಕೆ ಬರಲಿಲ್ಲ?" ಅಂತ ಕೇಳಿದೆ. ಅವರು ಅದೇ ಹಳೇ ರಿಬ್ಬನ್ ಮೇಲೆ, ಬಜರ್‌ನಲ್ಲೇ, ಚೆನ್ನಾಗಿ ಕೆಲಸ ಮಾಡುವ A ಕೀ ಒತ್ತಿ ತೋರಿಸಿದರು. ಅದಕ್ಕೂ ಬೀಪ್ ಇಲ್ಲ. ಮೀಟರನ್ನು 2000 ಓಮ್ ರೇಂಜಿಗೆ ತಿರುಗಿಸಿದರು. A ಒತ್ತಿದಾಗ ನೂರು ಚಿಲ್ಲರೆ ಓಮ್, G ಒತ್ತಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಬೆಳ್ಳಿ ಇಂಕಿನ ಗೆರೆ ತಾಮ್ರದ ವೈರ್ ಅಲ್ಲ, ತುದಿಯಲ್ಲಿ ಕಾರ್ಬನ್ ಲೇಪ ಬೇರೆ ಇರುತ್ತದೆ. ಸರಿಯಾಗಿರುವ ಮೆಂಬ್ರೇನ್‌ನಲ್ಲೇ ಹತ್ತಾರು, ನೂರಾರು ಓಮ್ ತಡೆ ಇರುವುದು ಸಾಮಾನ್ಯ. ಬಹಳಷ್ಟು ಮೀಟರುಗಳ ಬಜರ್ ಐವತ್ತು ಓಮ್ ದಾಟಿದರೆ ಕೂಗುವುದೇ ಇಲ್ಲ. ಅಂದರೆ ಆ ಪರೀಕ್ಷೆಯಲ್ಲಿ ಹೊಚ್ಚಹೊಸ ಕೀಬೋರ್ಡೂ "ಹೋಗಿದೆ" ಅಂತಲೇ ಬರಬಹುದು! ಆ ಹುಡುಗನಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಮಾಡಿದನೋ, ನನಗೆ ಬೇಕಿಲ್ಲ. ನಿಮ್ಮ ಮುಂದೆ ಯಾರಾದರೂ ಬಜರ್ ಹಿಡಿದರೆ "ಕೆಲಸ ಮಾಡೋ ಕೀನೂ ಹೀಗೇ ನೋಡಿ" ಅಂತ ಕೇಳಿ. ಆಮೇಲೆ ಎರಡನ್ನೂ ಓಮ್ ರೇಂಜಿನಲ್ಲಿ ಹೋಲಿಸಲು ಹೇಳಿ. ಯಾವ ಎರಡು ಪಿನ್ ಅಂತ ಹುಡುಕೋದು ತಾಳ್ಮೆಯ ಕೆಲಸ. ಮದರ್‌ಬೋರ್ಡಿನ ಸರ್ಕ್ಯೂಟ್ ಚಿತ್ರ ಇದ್ದರೆ ಅದರಲ್ಲಿ ಈ ಲೈನ್‌ಗಳನ್ನು KSI, KSO ಅಂತ ಗುರುತಿಸಿರುತ್ತಾರೆ.

ಮೆಂಬ್ರೇನ್ ನಿಜವಾಗಿ ಹೋದಾಗ ಹೇಗಿರುತ್ತದೆ ಅನ್ನೋದನ್ನೂ ನೋಡಿದ್ದೀನಿ. ತಂಗಿಯ ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿತ್ತು. ಒರೆಸಿ ಒಣಗಿಸಿದ್ದಳು. ಮೊದಲು N ಸತ್ತಿತು. ವಾರ ಬಿಟ್ಟು M ತಾನೇ ತಾನಾಗಿ ‘mmmmm’ ಅಂತ ಬರೆಯೋಕೆ ಶುರು ಮಾಡಿತು, ಆಮೇಲೆ ಅದೂ ನಿಂತಿತು, ಹಿಂದೆಯೇ ಸ್ಪೇಸ್‌ಬಾರ್. ಎಲ್ಲಾ ಅಕ್ಕಪಕ್ಕದವು, ಒಂದೊಂದಾಗಿ ಹೋದವು. ರಿಬ್ಬನ್ ತೆಗೆದು ಹಾಕಿದರೂ ಪಟ್ಟಿ ಬದಲಾಗಲಿಲ್ಲ, ಒತ್ತಿ ಹಿಡಿದರೂ ಜೀವ ಬರಲಿಲ್ಲ. ಸಕ್ಕರೆ ನೀರು ಹಾಳೆಗಳ ನಡುವೆ ಇಳಿದು ಬೆಳ್ಳಿ ಗೆರೆಯನ್ನು ತಿಂದಿತ್ತು. ಕೀಬೋರ್ಡನ್ನು ಪ್ಲಾಸ್ಟಿಕ್ ಗುಬ್ಬಿ ಕರಗಿಸಿ ಚೌಕಟ್ಟಿಗೆ ಕೂರಿಸಿದ್ದರಿಂದ ಒಳಗೆ ಕ್ಲೀನ್ ಮಾಡೋ ದಾರಿಯೂ ಇರಲಿಲ್ಲ. ಅಲ್ಲಿ ಹೊಸದು ಹಾಕಿಸಿದ್ದೇ ಸರಿ.

ಒಂದೇ ಒಂದು ಅಕ್ಷರ ಸತ್ತಿದ್ದರೆ ರಿಬ್ಬನ್ ಮೇಲೆ ಅನುಮಾನ ಬೇಡ. ರಿಬ್ಬನ್‌ನ ಒಂದು ಪಿನ್ ಹಲವು ಅಕ್ಷರಗಳನ್ನು ಹೊರುತ್ತದೆ, ಒಂದನ್ನೇ ಕೊಲ್ಲಲಾರದು. ಕೀ ಕೆಳಗಿನ ರಬ್ಬರ್ ಗುಮ್ಮಟ ಅಥವಾ ಆ ಜಾಗದ ಮೆಂಬ್ರೇನ್ ನೋಡಿ. Shift, Ctrl, Alt ಮಾತ್ರ ಬೇರೆ ಲೆಕ್ಕ. ಅವಕ್ಕೆ ಎಷ್ಟೋ ಮಾಡೆಲ್‌ಗಳಲ್ಲಿ ತಮ್ಮದೇ ಲೈನ್ ಇರುತ್ತದೆ. ಇನ್ನೊಂದು ತೊಡಕಿದೆ. ಬಾಲ ಮಡಚುವ ಕಡೆ ಗೆರೆ ಒಡೆದರೂ ಇಡೀ ಲೈನ್ ಒಟ್ಟಿಗೆ ಹೋಗುತ್ತದೆ, ಸಡಿಲ ರಿಬ್ಬನ್‌ನಂತೆಯೇ ಕಾಣುತ್ತದೆ. ನೇರವಾಗಿ ಕೂರಿಸಿ, ಲಾಕ್ ಹಾಕಿದ ಮೇಲೂ ಅದೇ ಕೀ ಬರದಿದ್ದರೆ, ಓಮ್ ರೇಂಜಿನಲ್ಲೂ ಆ ಕೀ ಏನೂ ತೋರಿಸದಿದ್ದರೆ, ಆಗ ಕೀಬೋರ್ಡ್ ಬದಲಿಸಿ.

ಮನೆಯಲ್ಲೇ ಬಿಚ್ಚುವವರಿದ್ದರೆ: ಸ್ಲೀಪ್ ಸಾಲದು, ಪೂರ್ತಿ ಆಫ್ ಮಾಡಿ. ಚಾರ್ಜರ್ ತೆಗೆಯಿರಿ, ಒಳಗೆ ಕೈಹಾಕಿದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ರಿಬ್ಬನ್ ಮುಟ್ಟಿ. ಲಾಕ್ ಎತ್ತುವಂಥದ್ದೋ ಸರಿಸುವಂಥದ್ದೋ ಅಂತ ನೋಡದೆ ಬಲ ಹಾಕಬೇಡಿ. ತುದಿಯ ಕಪ್ಪು ಲೇಪವನ್ನು ಉಜ್ಜಬೇಡಿ. ಕೊಳೆ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಮೆಲ್ಲಗೆ ಒಂದು ಸಲ ಸವರಿದರೆ ಸಾಕು.

ನನ್ನ ಲ್ಯಾಪ್‌ಟಾಪ್‌ಗೆ ಕನೆಕ್ಟರ್ ಬದಲಿಸಿ ಬೆಸುಗೆ ಹಾಕಿದ್ದಕ್ಕೆ 700 ರೂಪಾಯಿ ಆಯಿತು. ಟೇಪ್ ಅಂಟಿಸಿದ್ದ, ಕಿವಿ ಮುರಿದ ಕನೆಕ್ಟರಿನ ಫೋಟೊ ಮತ್ತು ಹಳೇ ಕೀಬೋರ್ಡ್ ಎರಡನ್ನೂ ಮೊದಲ ಅಂಗಡಿಗೆ ತಗೊಂಡು ಹೋದೆ. ಮಾಲೀಕರು ಫೋಟೊ ನೋಡಿ "ನಮ್ಮಲ್ಲಿ ಮುರಿದಿಲ್ಲ ಸರ್, ಮುಂಚೇನೇ ಹಾಗಿತ್ತು" ಅಂದರು. ಕೊಡುವಾಗ ಫೋಟೊ ತೆಗೆದಿರಲಿಲ್ಲವಾದ್ದರಿಂದ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೇ ಕೀಬೋರ್ಡನ್ನು ಅವರ ಲ್ಯಾಪ್‌ಟಾಪ್‌ಗೇ ಹಾಕಿ ತೋರಿಸಿದ ಮೇಲೆ ಮಾತ್ರ 1,500 ವಾಪಸ್ ಕೊಟ್ಟರು. ಹಳೇ ಪಾರ್ಟ್ ಅಲ್ಲೇ ಬಿಟ್ಟು ಬಂದಿದ್ದರೆ ಅದೂ ಸಿಗ್ತಿರಲಿಲ್ಲ.