ದುಂಡು ಕೈಯ ಸೋಫಾಕ್ಕೆ ಕವರ್ ಹೊಲಿಸುವ ಮುನ್ನ ದಯವಿಟ್ಟು ಇದನ್ನು ಓದಿ

ಕಲಬುರಗಿಯಲ್ಲಿ ಸೋಫಾ ಕವರ್ ಹೊಲಿಸಬೇಕೆಂದು ಯೋಚಿಸುತ್ತಿರುವವರು, ಅದರಲ್ಲೂ ಹೊರಕ್ಕೆ ಸುರುಳಿಯಂತೆ ಬಾಗಿದ ದುಂಡು ಕೈಗಳಿರುವ ಹಳೆಯ ಮಾದರಿಯ ಸೋಫಾ ಇರುವವರು, ಹಣ ಕೊಡುವ ಮೊದಲು ಕವರನ್ನು ಒಮ್ಮೆ ಪೂರ್ತಿ ಬಿಚ್ಚಿಸಿ ನೋಡಬೇಕು. ತೊಡಿಸಿದ್ದನ್ನು ನೋಡಿದರೆ ಸಾಲದು, ಬಿಚ್ಚಿಸಿಯೇ ನೋಡಬೇಕು. ಸೂಪರ್ ಮಾರ್ಕೆಟ್ ಕಡೆಯ ಒಂದು ಪರದೆ ಮತ್ತು ಸೋಫಾ ಬಟ್ಟೆಯ ಅಂಗಡಿಯಲ್ಲಿ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ನಮ್ಮದು ಮೂರು ಜನ ಕೂರುವ ಸೋಫಾ. ಅದರ ಕೈಗಳು ಮೇಲ್ಭಾಗದಲ್ಲಿ ಉರುಳೆಯಂತೆ ದಪ್ಪಗಿದ್ದು ಹೊರಕ್ಕೆ ಚಾಚಿಕೊಂಡಿವೆ, ಅದರ ಕೆಳಗೆ ಒಮ್ಮೆಲೇ ಒಳಕ್ಕೆ ಸರಿದು ತೆಳ್ಳಗಾಗುತ್ತವೆ. ಎದುರಿನಿಂದ ಅಳೆದರೆ ದುಂಡಿನ ಅಗಲ 9 ಇಂಚು, ಅದರ ಕೆಳಗಿನ ಸೊಂಟ 6 ಇಂಚು. ಬೇಸಿಗೆಯಲ್ಲಿ ನಮ್ಮ ಊರಿನ ಧೂಳು ಎಷ್ಟೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ನಮಗೆ ಬೇಕಾಗಿದ್ದದ್ದು ಒಂದೇ: ಕೈಗೆ ಸರಿಯಾಗಿ ಕೂಡುವ, ಆಗಾಗ ಬಿಚ್ಚಿ ಮನೆಯಲ್ಲೇ ಮಷೀನಿನಲ್ಲಿ ತೊಳೆಯಬಹುದಾದ ಕವರ್. ಈ ಎರಡೂ ಮಾತನ್ನು ಅಂಗಡಿಯವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದೆ. ಅದಕ್ಕೆ ಅವರು ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: "ಏನ್ ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಕೈಗವಸ ಹಾಕ್ದಂಗ ಕೂಡ್ತದ. ಮಷೀನ್‌ದಾಗ ಹಾಕ್ರಿ, ಏನೂ ಆಗಂಗಿಲ್ಲ."

ಆರಿಸಿದ್ದು ದಪ್ಪ ಕಾಟನ್ ಬಟ್ಟೆ, ಮೀಟರಿಗೆ 320 ರೂಪಾಯಿಯಂತೆ 14 ಮೀಟರ್. ಹೊಲಿಗೆಗೆ 3,500 ರೂಪಾಯಿ. ಒಟ್ಟು 7,980 ರೂಪಾಯಿ. ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಕುಗ್ಗಿಸಿ ಇಟ್ಟಿದ್ದೇವೆಂದೂ ಅವರೇ ಹೇಳಿದರು.

ಕವರ್ ತೊಡಿಸಲು ಅಂಗಡಿಯಿಂದ ಇಬ್ಬರು ಬಂದರು. ಮೊದಲು ಹಾಕಿದಾಗ ದುಂಡಿನ ಕೆಳಗೆ ಬಟ್ಟೆ ಜೋಲಾಡುತ್ತಿತ್ತು. ನಾನು ಅದನ್ನು ತೋರಿಸಿದೆ. ಅವರು ಕವರ್ ಸೋಫಾದ ಮೇಲಿರುವಾಗಲೇ ಸೊಂಟದ ಬಳಿ ಪಿನ್ನು ಚುಚ್ಚಿ ಗುರುತು ಮಾಡಿಕೊಂಡರು, ಒಯ್ದು ಅಲ್ಲಿ ಬಿಗಿಯಾಗಿ ಹೊಲಿದು ತಂದರು, ಮತ್ತೆ ಇಬ್ಬರೂ ಸೇರಿ ಜಗ್ಗಾಡಿ ತೊಡಿಸಿದರು. ನೋಡಲು ಅತ್ಯಂತ ಸುಂದರವಾಗಿತ್ತು. ಮನೆಯವರೆಲ್ಲ ಮೆಚ್ಚಿದರು. ಹಣವನ್ನೂ ಆಗಲೇ ಕೊಟ್ಟೆವು.

ಮೋಸ ಇದ್ದದ್ದು ಆ ಸೌಂದರ್ಯದಲ್ಲೇ. ಸ್ವಲ್ಪ ಯೋಚಿಸಿ ನೋಡಿ. ಮೇಲೆ 9 ಇಂಚಿನ ದುಂಡು, ಕೆಳಗೆ 6 ಇಂಚಿಗೆ ಬಿಗಿದ ಬಟ್ಟೆ. ಆ ಬಿಗಿದ ಭಾಗ ದುಂಡನ್ನು ದಾಟಿ ಮೇಲೆ ಬರಬೇಕಾದರೆ ಎಲ್ಲಿಯಾದರೂ ಬಾಯಿ ಇರಬೇಕು: ಒಂದು ಜಿಪ್ಪು, ಒಂದು ವೆಲ್ಕ್ರೋ ಪಟ್ಟಿ, ಕಡೆಗೆ ಎರಡು ಕಟ್ಟುವ ಲಾಡಿಯಾದರೂ. ನಮ್ಮ ಕವರಿನಲ್ಲಿ ಏನೂ ಇರಲಿಲ್ಲ, ಸುತ್ತಲೂ ಹೊಲಿಗೆ ಮುಚ್ಚಿತ್ತು. ಕವರ್ ತೊಳೆಯಲು ಬಿಚ್ಚಲು ಹೋದ ದಿನ ಇದು ತಿಳಿಯಿತು. ಒಬ್ಬಳೇ ಜಗ್ಗಿದೆ, ಬರಲಿಲ್ಲ. ಯಜಮಾನರನ್ನು ಕರೆದೆ, ಅವರೂ ಜಗ್ಗಿದರು, ಎಡಗೈಯ ಹೊಲಿಗೆ ಚರಕ್ಕನೆ ಬಿಟ್ಟಿತು. ತೊಳೆಯಲೆಂದೇ ಹೊಲಿಸಿದ ಕವರನ್ನು ಹರಿಯದೆ ಬಿಚ್ಚಲಾಗದು ಎಂದರೆ ಅದನ್ನು ಕವರ್ ಎಂದು ಹೇಗೆ ಮಾರಿದರು? ನನಗೆ ಈಗಲೂ ಅರ್ಥವಾಗಿಲ್ಲ.

ಹರಿದ ಹೊಲಿಗೆಯ ಮೂಲಕ ಹೇಗೋ ಬಿಚ್ಚಿದೆವು. ಮುಂದೆ ಇನ್ನೊಂದು ಕಾದಿತ್ತು. ಬೆನ್ನು, ಕೈ, ಕೂರುವ ಭಾಗ, ದಿಂಬುಗಳ ಕವರ್ ಎಲ್ಲವನ್ನೂ ಸೇರಿಸಿ ಒಂದೇ ತುಂಡಾಗಿ ಹೊಲಿದಿದ್ದರು. ಒಣಗಿದ್ದಾಗಲೇ ಅದರ ತೂಕ ಐದು ಕಿಲೋ ದಾಟಿತ್ತು. ನಮ್ಮ ಮಷೀನು ಆರೂವರೆ ಕಿಲೋದ್ದು, ಲೆಕ್ಕಕ್ಕೆ ಹಿಡಿಯುತ್ತದೆ, ಆದರೆ ಇಷ್ಟು ದೊಡ್ಡ ಒಂದೇ ಬಟ್ಟೆ ಒಳಗೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ, ನಡುವಿನ ಮಡಿಕೆಗೆ ನೀರೇ ಸರಿಯಾಗಿ ಹೋಗುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು, ನೊರೆ ಹೋಗದೆ ಬಟ್ಟೆಯಲ್ಲೇ ಉಳಿದು ಒಣಗಿದ ಮೇಲೆ ಬಿಳಿ ಪಟ್ಟೆಗಳಾದವು.

ಒಣಗಿದ ಕವರನ್ನು ಮತ್ತೆ ತೊಡಿಸಲು ಹೋದಾಗ ದುಂಡಿನ ಮೇಲೆ ಅರ್ಧಕ್ಕೇ ನಿಂತಿತು. ಬಟ್ಟೆ ಕುಗ್ಗಿತ್ತು. ಅಂಚಿಗೆ ಹಾಕಿದ್ದ ಪೈಪಿಂಗಿನ ಒಳದಾರವೂ ಕುಗ್ಗಿ ಅಂಚೆಲ್ಲ ನೆರಿಗೆ ಬಿದ್ದಿತ್ತು. ಅದೇ ವಾರ ಮಗಳನ್ನು ನೋಡಲು ಬೀದರಿನಿಂದ ಬೀಗರಾಗುವವರು ಬಂದರು. ಒಂದು ಕೈ ಅರ್ಧ ಮುಚ್ಚಿ, ಇನ್ನೊಂದು ಹರಿದ ಹೊಲಿಗೆಯೊಂದಿಗೆ ಇದ್ದ ಸೋಫಾದ ಮೇಲೆ ಅವರನ್ನು ಕೂರಿಸಬೇಕಾಯಿತು. ಆ ನಾಚಿಕೆಯನ್ನು ಬರೆದು ತಿಳಿಸಲು ನನಗೆ ಆಗುವುದಿಲ್ಲ.

ಅಂಗಡಿಗೆ ಹೋದೆ. ಮೊದಲ ಉತ್ತರ: "ಕಾಟನ್ ಅಂದ್ಮ್ಯಾಲ ಕುಗ್ಗೇ ಕುಗ್ತದ್ರಿ." ನೀವೇ ಕುಗ್ಗಿಸಿ ಕೊಟ್ಟಿದ್ದೇವೆಂದಿರಲ್ಲ ಎಂದು ಕೇಳಿದರೆ, "ಡ್ರೈಕ್ಲೀನ್ ಮಾಡಸ್ಬೇಕಿತ್ರಿ." ಮಷೀನಿಗೆ ಹಾಕಿ ಎಂದು ಹೇಳಿದವರು ಯಾರು? ಅದಕ್ಕೆ ಉತ್ತರವಿಲ್ಲ. ಬಾಯಿ ಯಾಕೆ ಇಟ್ಟಿಲ್ಲ ಎಂದು ಕೇಳಿದಾಗ ಮಾಲೀಕರು ಎಲ್ಲರೆದುರು ಹೇಳಿದ ಮಾತು ಇದು: "ನಿಮ್ಮ ಸೋಫಾದ ಕೈನೇ ಸರಿ ಇಲ್ರಿ ಅಕ್ಕಾರ, ಅದಕ್ಕ ನಾವ್ ಏನ್ ಮಾಡೂಣ?" ಕೈ ಹಾಗಿದೆ ಎಂದೇ ಅಲ್ಲವೇ ಹೊಲಿಸಲು ಕೊಟ್ಟದ್ದು? ಕೈ ನೆಟ್ಟಗಿದ್ದರೆ ಸಿದ್ಧ ಕವರ್ ತಂದು ಹಾಕುತ್ತಿದ್ದೆವು.

ಮನೆಗೆ ಬಂದು, ಅವರೇ ಕೊಟ್ಟಿದ್ದ ಉಳಿಕೆ ಬಟ್ಟೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ 20 ಇಂಚು ಗುರುತು ಹಾಕಿ, ತೊಳೆದು ಒಣಗಿಸಿ ಅಳೆದೆ. ಉದ್ದಕ್ಕೆ 19 ಇಂಚು ಉಳಿದಿತ್ತು, ಅಡ್ಡಕ್ಕೆ ಹತ್ತೊಂಬತ್ತೂವರೆ. ಅಂದರೆ ಉದ್ದಕ್ಕೆ ನೂರಕ್ಕೆ ಐದು ಭಾಗ. ಸೋಫಾದ 80 ಇಂಚು ಉದ್ದಕ್ಕೆ ಅದೇ ಲೆಕ್ಕ ಹಾಕಿದರೆ 4 ಇಂಚು ಹೋಯಿತು. ಆ ಬಟ್ಟೆಯನ್ನು ಹೊಲಿಯುವ ಮುನ್ನ ಯಾರೂ ನೀರಿಗೆ ತೋರಿಸಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ನೀವು ಬಟ್ಟೆ ಆರಿಸುವಾಗಲೇ ಒಂದು ತುಂಡು ಕೇಳಿ ತಂದು ಹೀಗೆ ತೊಳೆದು ನೋಡಿ. ಕುಗ್ಗಿದರೆ ಇಡೀ ಬಟ್ಟೆಯನ್ನು ಕತ್ತರಿಸುವ ಮೊದಲು ಮನೆಯಲ್ಲೇ ತೊಳೆದು ಒಣಗಿಸಿ ಕೊಡಿ, ಅರ್ಧ ಮೀಟರ್ ಹೆಚ್ಚಿಗೆ ತೆಗೆದುಕೊಂಡರೂ ಅಡ್ಡಿಯಿಲ್ಲ.

ಆಮೇಲೆ ನಮ್ಮ ಓಣಿಯಲ್ಲೇ ಕುರ್ಚಿ-ಸೋಫಾಗಳ ಕೆಲಸ ಮಾಡುವ ಒಬ್ಬ ಹಿರಿಯರಿಗೆ ಕವರ್ ತೋರಿಸಿದೆ. ಅವರು ಅಳತೆಯನ್ನೇ ಬೇರೆ ರೀತಿ ತೆಗೆದರು. ಟೇಪನ್ನು ಕೂರುವ ಭಾಗ ಮತ್ತು ಕೈ ಸೇರುವ ಸಂದಿಯೊಳಗೆ ಇಳಿಸಿ, ಅಲ್ಲಿಂದ ಕೈಯ ಒಳಮೈ ಹತ್ತಿಸಿ, ದುಂಡಿನ ಮೇಲೆ ಅಂಟಿಸಿ ಹೊರಳಿಸಿ, ಆ ಕಡೆ ಕೆಳ ಅಂಚಿನವರೆಗೆ ಬಿಟ್ಟರು. ಅದಕ್ಕೆ ಸಂದಿಯಲ್ಲಿ ತುರುಕಲು ಇನ್ನೂ 5 ಇಂಚು ಸೇರಿಸಬೇಕೆಂದರು. ನಮ್ಮ ಕವರಿನಲ್ಲಿ ಆ ತುರುಕುವ ಬಟ್ಟೆ ಒಂದಿಂಚೂ ಇರಲಿಲ್ಲ. ಅದಿಲ್ಲದಿದ್ದರೆ ಜನ ಕೂತಾಗ ಬಟ್ಟೆ ಕೈಯಿಂದ ಎಳೆದುಕೊಳ್ಳುತ್ತದೆ, ಎಲ್ಲ ಒತ್ತಡವೂ ಹೊಲಿಗೆಯ ಮೇಲೆ ಬೀಳುತ್ತದೆ. ಎದುರಿನ ದುಂಡು ಮುಖಕ್ಕೆ ಟೇಪು ಸಾಲದು, ಹಳೆಯ ಪೇಪರ್ ಒತ್ತಿ ಹಿಡಿದು ಆಕಾರವನ್ನೇ ಬರೆದುಕೊಳ್ಳಬೇಕು ಎಂದರು. ಬಾಯಿಯನ್ನು ಕೈಯ ಹೊರಬದಿಯ ಮುಂದಿನ ಅಂಚಿನಲ್ಲಿ, ಕೆಳಗಿನಿಂದ ದುಂಡಿನ ಅಡಿಯವರೆಗೆ ಇಡಬೇಕಂತೆ. ನಮ್ಮ ಅಂಗಡಿಯವರು ಕೈಯನ್ನು ಪೆಟ್ಟಿಗೆಯೆಂದು ತಿಳಿದು ಎತ್ತರ, ಅಗಲ, ಆಳ ಅಳೆದುಕೊಂಡು ಹೋಗಿದ್ದರು. ಇಂಥ ಕೈಗೆ ಅಳತೆ ತೆಗೆಯಲು ಬಂದವರು ಸಂದಿಯೊಳಗೆ ಕೈ ಹಾಕದಿದ್ದರೆ ಅಲ್ಲಿಗೇ ಅವರನ್ನು ಕಳುಹಿಸಿಬಿಡಿ.

ಹಿಗ್ಗುವ ಪಾಲಿಯೆಸ್ಟರ್-ಸ್ಪಾಂಡೆಕ್ಸಿನ ಸಿದ್ಧ ಕವರುಗಳ ಬಗ್ಗೆಯೂ ಹಲವರು ಹೇಳಿದರು. ನೆಟ್ಟಗಿನ ಕೈಗೆ ಅವು ಸರಿ, ತೊಳೆಯಲೂ ಹಗುರ, ಬೇಗ ಒಣಗುತ್ತವೆ. ಆದರೆ ದುಂಡಿನ ಕೆಳಗಿನ ತಗ್ಗಿಗೆ ಅಂಟದೆ ಡೋಲಿನ ಚರ್ಮದಂತೆ ಮೇಲಿನಿಂದ ಕೆಳಕ್ಕೆ ಬಿಗಿದು ನಿಲ್ಲುತ್ತವೆ, ಕೂತು ಎದ್ದಾಗ ಮೇಲಕ್ಕೆ ಜಾರುತ್ತವೆ. ಬಿಸಿನೀರು ಮತ್ತು ಬ್ಲೀಚ್ ತಾಗಿದರೆ ಹಿಗ್ಗುವ ಗುಣವೂ ಹೋಗುತ್ತದೆ. ನನ್ನ ಮಾತು ಕೇಳುವುದಾದರೆ, ಇಂಥ ಕೈಗೆ ಕವರಿಗಿಂತ ಹೊದಿಕೆಯೇ ಮೇಲು. ಈಗ ನಮ್ಮ ಕೈಗಳ ಮೇಲೆ ಸೋಲಾಪುರದ ಚಾದರಗಳನ್ನು ಹಾಕಿ, ಒಳ ಅಂಚನ್ನು ಸಂದಿಗೆ ಇಳಿಸಿ, ಅದರ ಮೇಲೆ ಬಿಗಿಯಾಗಿ ಸುತ್ತಿದ ಪೇಪರಿನ ಸುರುಳಿ ತುರುಕಿದ್ದೇನೆ. ಹಾಸಿಗೆಯ ನುಣುಪು ಚಾದರ ಜಾರುತ್ತದೆ, ಸೋಲಾಪುರದ ಒರಟು ನೇಯ್ಗೆ ಹಿಡಿದು ಕೂರುತ್ತದೆ. ಒಂದೊಂದನ್ನೇ ತೆಗೆದು ತೊಳೆಯಬಹುದು.

ಅಂಗಡಿಯವರ ಕೊನೆಯ ಮಾತು, ಮತ್ತೆ ಅರ್ಧ ಹೊಲಿಗೆ ಹಣ ಕೊಟ್ಟರೆ ಜಿಪ್ಪು ಹಾಕಿಕೊಡುತ್ತೇವೆ ಎಂಬುದು. ಕುಗ್ಗಿದ ಬಟ್ಟೆಗೆ ಜಿಪ್ಪು ಹಾಕಿ ಏನು ಮಾಡಲಿ? ನಾನು ಒಪ್ಪಲಿಲ್ಲ. ಬಿಲ್ಲಿನ ಅಡಿಯಲ್ಲಿ ಮಾರಿದ ಮಾಲು ವಾಪಸ್ ಇಲ್ಲ ಎಂದು ಅಚ್ಚಾಗಿದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವಿರುವ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವುದನ್ನೂ, ಬಿಲ್ಲು ಕೊಡದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ನೀವು ಹೊಲಿಸುವಾಗ ಬಿಲ್ಲಿನ ಮೇಲೆ ಮೂರು ಮಾತು ಕೈಯಲ್ಲಿ ಬರೆಸಿಕೊಳ್ಳಿ: ಬಟ್ಟೆ ತೊಳೆದು ಕತ್ತರಿಸಿದ್ದು, ಕೈಗೆ ಬಾಯಿ ಇಟ್ಟದ್ದು, ದಿಂಬಿನ ಕವರ್ ಬೇರೆ ಹೊಲಿದದ್ದು. ಬರೆಯಲು ಒಪ್ಪದವರಿಗೆ ಮುಂಗಡ ಕೊಡಬೇಡಿ.