ಆರು ವರ್ಷ, ಒಂದು ಸ್ಕೂಟರ್, ಎರಡು ಸವಕಳಿ ಲೆಕ್ಕ

ಬಳಸಿದ ಅವಧಿ: 6 ವರ್ಷ
ಡಿಕ್ಲೈನಿಂಗ್ ಬ್ಯಾಲೆನ್ಸ್: ಸ್ಕೂಟರಿಗೆ 5ಕ್ಕೆ 4 ಅಂಕ, ಹೊಲಿಗೆ ಮಿಷನ್ನಿಗೆ 2
ಸ್ಟ್ರೇಟ್ ಲೈನ್: ಸ್ಕೂಟರಿಗೆ 2, ಹೊಲಿಗೆ ಮಿಷನ್ನಿಗೆ 4

ನಾನೂ ನನ್ನ ಗೆಳೆಯನೂ ಸೇರಿ ಚಿಕ್ಕದೊಂದು ಹೊಲಿಗೆ ಕೆಲಸ ಶುರು ಮಾಡಿದ್ದೆವು. ಬಟ್ಟೆ ತರೋಕೆ, ಹೊಲಿದದ್ದನ್ನು ಕೊಟ್ಟು ಬರೋಕೆ ಅರ್ಧರ್ಧ ದುಡ್ಡು ಹಾಕಿ ಹೊಸ ಸ್ಕೂಟರ್ ಕೊಂಡೆವು. ಕೊಂಡ ಬೆಲೆಯನ್ನು ಇಲ್ಲಿ 100 ಅಂತ ಇಟ್ಟುಕೊಳ್ಳುತ್ತೇನೆ, ಲೆಕ್ಕ ಹಿಡಿಯೋಕೆ ಸುಲಭ.

ಸವಕಳಿ ವರ್ಷಕ್ಕೆ 20% ಅಂತ ನಾನೇ ಪುಸ್ತಕದಲ್ಲಿ ಬರೆದೆ. ಐದು ವರ್ಷ ಬಾಳುತ್ತೆ, ವರ್ಷಕ್ಕೆ 20 ಕಳೆದರೆ ಆಯ್ತು ಅಲ್ವಾ? ಇದು ಸ್ಟ್ರೇಟ್ ಲೈನ್ ಎಂದು ಕೂಡ ನನಗೆ ಆಗ ಗೊತ್ತಿರಲಿಲ್ಲ. ಮೊದಲ ವರ್ಷದ ಕೊನೆಗೆ 80, ಆಮೇಲೆ 60, ಮೂರನೇ ವರ್ಷಕ್ಕೆ 40.

ಅಷ್ಟೊತ್ತಿಗೆ ಗೆಳೆಯ ಬೇರೆ ಕೆಲಸ ಹಿಡಿದು ಹೊರಟ. ಸ್ಕೂಟರ್ ನನ್ನ ಹತ್ತಿರವೇ ಉಳಿಯಬೇಕಿತ್ತು, ಅವನ ಪಾಲು ಕೊಡಬೇಕಿತ್ತು. ಪುಸ್ತಕದಲ್ಲಿ 40 ಇದೆ, ಅರ್ಧ ಅಂದರೆ 20 ಎಂದು ಎಣಿಸಿ ಕೊಟ್ಟೆ. ಅವನು ತಗೊಳ್ಳಲಿಲ್ಲ.

“ಇದನ್ನ ಯಾರಾದ್ರೂ ಬಂದು 40ಕ್ಕೆ ಕೇಳಿದ್ರೆ ಕೊಡ್ತೀಯಾ? ಕೊಡೋದಾದ್ರೆ ಹೇಳು, ನಾನೇ ನಿನಗೆ 20 ಕೊಟ್ಟು ತಗೊಂಡು ಹೋಗ್ತೀನಿ.”

ನನಗೆ ಉತ್ತರ ಇರಲಿಲ್ಲ. ಯಾಕೆಂದರೆ ಪ್ರತಿ ವರ್ಷ ಸರ್ವೀಸಿಗೆ ಬಿಟ್ಟಾಗ, ಹಳೇ ಗಾಡಿ ಕೊಳ್ಳುವವರೊಬ್ಬರನ್ನು “ಈಗ ಎಷ್ಟಕ್ಕೆ ಹೋಗುತ್ತೆ?” ಎಂದು ಕೇಳಿ ನೋಟ್ ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಸುಮ್ನೆ ಕುತೂಹಲಕ್ಕೆ. ಮೂರನೇ ವರ್ಷ ಅಲ್ಲಿ 50 ಅಂತ ಇತ್ತು. ಕೊನೆಗೆ ಅವನಿಗೆ 25 ಕೊಟ್ಟೆ. ಆವತ್ತಿನಿಂದ ಪುಸ್ತಕದಲ್ಲಿ ಎರಡು ಕಾಲಂ ಹಾಕಿ ಎರಡೂ ರೀತಿಯಲ್ಲಿ ಬರೆಯತೊಡಗಿದೆ.

ಎರಡನೇ ಕಾಲಂ ಡಿಕ್ಲೈನಿಂಗ್ ಬ್ಯಾಲೆನ್ಸಿನದು. ಇದರಲ್ಲೂ 20% ಎಂದೇ ಹಾಕಿದೆ. ಆದರೆ ಇಲ್ಲಿ ಕಳೆಯೋದು ಕೊಂಡ ಬೆಲೆಯ 20% ಅಲ್ಲ, ಆ ವರ್ಷದ ಶುರುವಿನಲ್ಲಿ ಉಳಿದಿರುವುದರ 20%. ಮೊದಲ ವರ್ಷ 20 ಹೋಗುತ್ತದೆ, ಎರಡನೇ ವರ್ಷ 80ರ 20%, ಅಂದರೆ 16, ಮೂರನೇ ವರ್ಷ 12.8. ಉಳಿಯೋದು 80, 64, 51.2, 41, 32.8, 26.2. ನೋಟ್ ಬುಕ್ಕಿನ ಕೊನೇ ಹಾಳೆಯಲ್ಲಿ ಆರು ವರ್ಷಕ್ಕೆ ಇದ್ದದ್ದು 76, 62, 50, 41, 33, 27. ಮೊದಲ ವರ್ಷ ಬಿಟ್ಟರೆ ಎರಡೂ ಜೊತೆಜೊತೆಗೇ ನಡೆದಿವೆ. ಮೊದಲ ವರ್ಷ ಮಾತ್ರ 24 ಬಿತ್ತು. ಶೋರೂಮಿನಿಂದ ಆಚೆ ಬಂದ ಗಾಡಿ ಅದಾಗಲೇ ಸೆಕೆಂಡ್ ಹ್ಯಾಂಡ್ ಅಲ್ವಾ, ಆ ಪೆಟ್ಟನ್ನು ಒಂದೇ ಶೇಕಡಾ ಇಟ್ಟುಕೊಂಡು ಹಿಡಿಯೋಕೆ ಆಗೋದಿಲ್ಲ. ನಾಲ್ಕು ಅಂಕ ಕೊಟ್ಟು ಐದನೆಯದನ್ನು ಹಿಡಿದಿಟ್ಟುಕೊಂಡದ್ದು ಇದಕ್ಕೇ.

ಹಾಗಾದರೆ ಸ್ಟ್ರೇಟ್ ಲೈನ್ ತಪ್ಪಾ? ನಾನು ಅದಕ್ಕೆ ಅನ್ಯಾಯ ಮಾಡಿದ್ದೆ. ಐದು ವರ್ಷಕ್ಕೆ ಸ್ಕೂಟರ್ ಸೊನ್ನೆಗೆ ಬರುತ್ತದೆ ಎಂದು ಹಿಡಿದದ್ದೇ ಸುಳ್ಳು. ಆರು ವರ್ಷ ಓಡಿಸಿ 26ಕ್ಕೆ ಮಾರುತ್ತೇನೆ ಎಂದು ಹಿಡಿದರೆ, ಕಳೆಯಬೇಕಾದ್ದು 74. ಅದನ್ನು ಆರರಿಂದ ಭಾಗಿಸಿದರೆ ವರ್ಷಕ್ಕೆ 12.3. ಅದೇ 26ಕ್ಕೆ ಆರು ವರ್ಷದಲ್ಲಿ ಇಳಿಯೋಕೆ ಡಿಕ್ಲೈನಿಂಗಿನಲ್ಲಿ ಎಷ್ಟು ಶೇಕಡಾ ಬೇಕು ಅನ್ನೋದನ್ನು ಸ್ಪ್ರೆಡ್‌ಶೀಟಿನಲ್ಲಿ ಹೀಗೆ ತೆಗೆಯಬಹುದು:

```
=1-(26/100)^(1/6)
```

ಉತ್ತರ 20.1%. ಅಂದರೆ ಈ ಸ್ಕೂಟರಿಗೆ ಸ್ಟ್ರೇಟ್ ಲೈನಿನ 12.3% ಮತ್ತು ಡಿಕ್ಲೈನಿಂಗಿನ 20.1% ಎರಡೂ ಕೊನೆಗೆ ಒಂದೇ ಕಡೆ ತಂದು ನಿಲ್ಲಿಸುತ್ತವೆ. ಹೊರಟ ಜಾಗ ಒಂದು, ತಲುಪುವ ಜಾಗ ಒಂದು, ಜಗಳ ಇರೋದು ನಡುವಿನ ವರ್ಷಗಳಲ್ಲಿ. ಮೂರನೇ ವರ್ಷ ಸ್ಟ್ರೇಟ್ ಲೈನ್ 63 ಎನ್ನುತ್ತದೆ, ಕೊಳ್ಳುವವರು ಹೇಳಿದ್ದು 50. ನನ್ನ ಹಳೇ ಲೆಕ್ಕ ಗೆಳೆಯನಿಗೆ ಕಡಿಮೆ ಕೊಡಿಸುತ್ತಿತ್ತು. ಈ ಸರಿಮಾಡಿದ ಲೆಕ್ಕ ಇದ್ದಿದ್ದರೆ ನಾನು 31.5 ಕೊಟ್ಟು ಕೈ ಸುಟ್ಟುಕೊಳ್ಳುತ್ತಿದ್ದೆ!

ಮೇಲಿನ ಸೂತ್ರದಲ್ಲಿ ಒಂದು ಹಳ್ಳ ಇದೆ. 26ರ ಜಾಗದಲ್ಲಿ 0 ಹಾಕಿದರೆ 100% ಎಂದು ಬರುತ್ತದೆ, ಮೊದಲ ವರ್ಷವೇ ಸ್ಕೂಟರ್ ಮಾಯ. ಉಳಿದದ್ದರಲ್ಲಿ ಒಂದು ಪಾಲನ್ನಷ್ಟೇ ಕಳೆಯುತ್ತಾ ಹೋದರೆ ಸೊನ್ನೆ ಮುಟ್ಟುವುದೇ ಇಲ್ಲ, ಅದಕ್ಕೇ ಹೀಗೆ. ಗುಜರಿ ಬೆಲೆಯಾದರೂ ಒಂದು ಹಾಕಲೇಬೇಕು.

ರಿಪೇರಿ ಖರ್ಚನ್ನು ಪಕ್ಕದಲ್ಲಿ ಬರೆದಾಗ ನನಗೆ ಡಿಕ್ಲೈನಿಂಗ್ ಇನ್ನೂ ಇಷ್ಟ ಆಯ್ತು. ಮೊದಲ ವರ್ಷ ಆಯಿಲ್ ಬಿಟ್ಟರೆ ಏನೂ ಇಲ್ಲ, 2 ಹೋಯಿತು. ಆಮೇಲೆ ಟೈರ್, ಬ್ಯಾಟರಿ, ಬೆಲ್ಟ್. ಆರನೇ ವರ್ಷಕ್ಕೆ 13. ಸವಕಳಿ 20ರಿಂದ 6.6ಕ್ಕೆ ಇಳಿದಿತ್ತು. ಎರಡನ್ನೂ ಕೂಡಿಸಿದರೆ ಮೊದಲ ವರ್ಷ 22, ಕೊನೇ ವರ್ಷ 19.6. ಆರೂ ವರ್ಷ ಸ್ಕೂಟರ್ ಕೊಟ್ಟ ಕೆಲಸ ಹೆಚ್ಚುಕಡಿಮೆ ಒಂದೇ, ಖರ್ಚೂ ಹೆಚ್ಚುಕಡಿಮೆ ಒಂದೇ. ಸ್ಟ್ರೇಟ್ ಲೈನಿನಲ್ಲಿ ಅದೇ ಖರ್ಚು 14.3ರಿಂದ 25.3ಕ್ಕೆ ಏರುತ್ತಿತ್ತು.

ಈ ಖುಷಿಯಲ್ಲಿ ಓವರ್‌ಲಾಕ್ ಮಿಷನ್ನಿಗೂ ಡಿಕ್ಲೈನಿಂಗ್ ಹಾಕಿ ನೋಡಿದೆ. ಅಲ್ಲಿ ಕೆಟ್ಟಿತು. ಕೊಂಡ ಬೆಲೆ ಇದಕ್ಕೂ 100, ಮಿಷನ್ 10 ವರ್ಷ ಬಾಳುತ್ತದೆ, ಕೊನೆಗೆ 10 ಸಿಗುತ್ತದೆ ಎಂದು ಹಿಡಿದರೆ ಸ್ಟ್ರೇಟ್ ಲೈನಿನಲ್ಲಿ ವರ್ಷಕ್ಕೆ 9, ಡಿಕ್ಲೈನಿಂಗಿನಲ್ಲಿ 20.6%. ಈ ಲೆಕ್ಕದಲ್ಲಿ ಮೊದಲ ವರ್ಷ ಹೊಲಿದ ಬಟ್ಟೆಗಳ ಮೇಲೆ ಮಿಷನ್ ಖರ್ಚು 20.6 ಬೀಳುತ್ತದೆ, ಐದನೇ ವರ್ಷದವುಗಳ ಮೇಲೆ 8.2. ಹೊಲಿಗೆ ಅದೇ, ದಾರ ಅದೇ, ಬಟ್ಟೆಯ ಲೆಕ್ಕವೂ ಅಷ್ಟೇ. ನಾನು ಆ ಮಿಷನ್ ಮಾರುವವನೂ ಅಲ್ಲ. ರಿಪೇರಿಯೂ ಏರಲಿಲ್ಲ, ಸೂಜಿ, ಎಣ್ಣೆ, ಆಗಾಗ ಲೂಪರ್, ಅಷ್ಟೇ. ಒಂದು ಬಟ್ಟೆಗೆ ಎಷ್ಟು ಖರ್ಚು ಬಿತ್ತು ಎಂದು ನೋಡುವವನಿಗೆ ಇಲ್ಲಿ ಸ್ಟ್ರೇಟ್ ಲೈನೇ ನೇರ. ಮಿಷನ್ ಅದೇ ಕಾಲಂಗೆ ವಾಪಸ್ ಹೋಯಿತು.

ಯಾರಾದರೂ ನಿಮಗೆ “ಸವಕಳಿ 20%” ಎಂದು ಹೇಳಿದರೆ, ಎರಡನೇ ವರ್ಷ ಎಷ್ಟು ಕಳೆದಿರಿ ಎಂದು ಕೇಳಿ. 20 ಎಂದರೆ ಸ್ಟ್ರೇಟ್ ಲೈನ್, 16 ಎಂದರೆ ಡಿಕ್ಲೈನಿಂಗ್. ಡಿಕ್ಲೈನಿಂಗ್ ಎಂದು ಹೇಳಿಕೊಂಡು ಪ್ರತಿ ವರ್ಷ 20 ಕಳೆಯುತ್ತಿದ್ದರೆ, ಸೂತ್ರ ಉಳಿದ ಬೆಲೆಯ ಬದಲು ಕೊಂಡ ಬೆಲೆಯ ಸೆಲ್‌ಗೆ ಅಂಟಿಕೊಂಡಿದೆ. ನನ್ನ ಶೀಟಿನಲ್ಲೂ ಒಂದು ತಿಂಗಳು ಹಾಗೇ ಇತ್ತು.

ಸ್ಕೂಟರನ್ನು ಆರನೇ ವರ್ಷದ ಕೊನೆಗೆ 27ಕ್ಕೆ ಕೊಟ್ಟೆ. ಪುಸ್ತಕದಲ್ಲಿ 26.2 ಇತ್ತು, 0.8 ಲಾಭ ಎಂದು ಬರೆದು ಆ ಹಾಳೆ ಮುಚ್ಚಿದೆ. ಹೊಸ ಸ್ಕೂಟರಿಗೆ ಮೊದಲ ವರ್ಷ 24%, ಆಮೇಲೆ 20% ಎಂದು ಶುರುವಿನಲ್ಲೇ ಬರೆದಿಟ್ಟಿದ್ದೇನೆ. ಕೊನೇ ಹಾಳೆಯಲ್ಲಿ ವರ್ಷವರ್ಷದ ಬೆಲೆಗೂ ಗೆರೆ ಎಳೆದಾಗಿದೆ.